ಕೆಂಪು ದೀಪ ಕಂಡರೆ ಮುಂದೆ ಗಾಡಿ ಇದೆಯೇ?

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲು ಮಾರ್ಗದಲ್ಲಿ ಯಲವಿಗಿ ನಿಲ್ದಾಣವಿದೆ. ಸವಣೂರಿನ ಕಡೆಯವರಿಗೆ ಹತ್ತಿರದ ನಿಲ್ದಾಣ ಇದೇ. ಊರು ಬರುವ ಮೊದಲೇ ಗಾಡಿ ನಿಂತುಬಿಟ್ಟರೆ ಡಬ್ಬಿಯಲ್ಲಿ ಯಾರಾದರೊಬ್ಬರು ಕಿಟಕಿಯಿಂದ ಇಣುಕಿ ನೋಡಿ ಹೇಳುವ ಮಾತು ಒಂದೇ: "ಕೆಂಪು ಐತಿ, ಮುಂದ ಇನ್ನೊಂದು ಗಾಡಿ ನಿಂತೈತಿ." ಉಳಿದವರು ತಲೆಯಾಡಿಸುತ್ತಾರೆ. ಮುಂದೆ ಗಾಡಿ ಇರಲೂಬಹುದು. ಆದರೆ ಕೆಂಪು ದೀಪವೊಂದನ್ನೇ ನೋಡಿ ಆ ತೀರ್ಮಾನಕ್ಕೆ ಬರಲು ತರ್ಕ ಒಪ್ಪುವುದಿಲ್ಲ.

ಸಿಗ್ನಲ್ ವ್ಯವಸ್ಥೆ ನಿಂತಿರುವ ನಿಯಮ ಇಷ್ಟು: ಹಳಿಯ ಒಂದು ಭಾಗದ ಮೇಲೆ ಗಾಡಿ ಇದ್ದರೆ, ಆ ಭಾಗವನ್ನು ಕಾಯುವ ಸಿಗ್ನಲ್ ಕೆಂಪಾಗಿರುತ್ತದೆ. "ಇದ್ದರೆ" ಎಂದು ಶುರುವಾಗುವ ಈ ವಾಕ್ಯದಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ತಪ್ಪು ಕಲ್ಪನೆ: ಸಿಗ್ನಲ್ ಕೆಂಪಾಗಿದೆ ಎಂದರೆ ಮುಂದೆ ಗಾಡಿ ಇದೆ.

ಸತ್ಯ: ಇದು ಮೂಲ ನಿಯಮವಲ್ಲ, ಅದರ ವಿಲೋಮ. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ನಿಜವಾಗಬೇಕಿಲ್ಲ. ಏಕೆಂಬುದು ಹಳಿಯೊಳಗಿನ ವಿದ್ಯುತ್ ಏರ್ಪಾಡನ್ನು ನೋಡಿದರೆ ತಿಳಿಯುತ್ತದೆ.

ಟ್ರ್ಯಾಕ್ ಸರ್ಕ್ಯೂಟ್ ಎಂಬ ಈ ಏರ್ಪಾಡಿಗೆ ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ. ಹಳಿಯ ಒಂದು ಭಾಗವನ್ನು ಎರಡೂ ತುದಿಯಲ್ಲಿ ವಿದ್ಯುತ್ ಹರಿಯದ ಜೋಡಣೆಯಿಂದ ಬೇರ್ಪಡಿಸುತ್ತಾರೆ. ಒಂದು ತುದಿಯಲ್ಲಿ ಕಡಿಮೆ ವೋಲ್ಟೇಜಿನ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ವಿದ್ಯುತ್ತು ಒಂದು ಹಳಿಯಲ್ಲಿ ಹೋಗಿ, ರಿಲೇಯ ಮೂಲಕ ಹಾದು, ಇನ್ನೊಂದು ಹಳಿಯಲ್ಲಿ ಮರಳುತ್ತದೆ. ಆ ಬಲದಿಂದ ರಿಲೇ ಮೇಲೆದ್ದು ನಿಂತಿದ್ದರೆ ಮಾತ್ರ ಹಸಿರಿಗೆ ಅವಕಾಶ. ಗಾಡಿ ಬಂದಾಗ ಅದರ ಚಕ್ರ ಮತ್ತು ಅಚ್ಚು ಎರಡೂ ಹಳಿಗಳನ್ನು ನೇರವಾಗಿ ಕೂಡಿಸುತ್ತವೆ. ವಿದ್ಯುತ್ತು ಆ ಅಡ್ಡದಾರಿಯಲ್ಲೇ ಹರಿದುಹೋಗಿ ರಿಲೇಗೆ ಸಾಲುವುದಿಲ್ಲ. ರಿಲೇ ಕೆಳಗೆ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ.

ಆದರೆ ರಿಲೇ ಬೀಳಲು ಗಾಡಿಯೇ ಬರಬೇಕೆಂದಿಲ್ಲ. ಬ್ಯಾಟರಿ ಸತ್ತರೂ ಬೀಳುತ್ತದೆ, ತಂತಿ ಕಿತ್ತರೂ ಬೀಳುತ್ತದೆ. ಹಳಿ ಪೂರ್ತಿ ತುಂಡಾದರೂ ಸಾಮಾನ್ಯವಾಗಿ ಬೀಳುತ್ತದೆ. ಜೋರು ಮಳೆಯಲ್ಲಿ ಹಳಿಯ ಕೆಳಗಿನ ಜಲ್ಲಿ ನೆನೆದು, ವಿದ್ಯುತ್ತು ನೆಲದ ಮೂಲಕ ಸೋರಿದರೂ ಬೀಳಬಹುದು. ಇದು ಏರ್ಪಾಡಿನ ಕೊರತೆಯಲ್ಲ. ಏನೇ ಕೆಟ್ಟರೂ ಗಾಡಿ ನಿಲ್ಲುವ ಕಡೆಗೇ ಕೆಡಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಇದಲ್ಲದೆ ನಿಲ್ದಾಣಕ್ಕೆ ಒಳಬಿಡುವ ಸಿಗ್ನಲ್ಲುಗಳು ಸ್ಟೇಶನ್ ಮಾಸ್ತರರು ಹಾದಿ ಕೊಡುವ ತನಕ ಸಾಮಾನ್ಯವಾಗಿ ಕೆಂಪಾಗಿಯೇ ಇರುತ್ತವೆ. ಗಾಡಿ ಇಲ್ಲದ ಕೆಂಪು ದಿನನಿತ್ಯದ ಸಂಗತಿ.

ತಪ್ಪು ಕಲ್ಪನೆ: ಮುಂದೆ ಗಾಡಿ ಇಲ್ಲದಿದ್ದರೆ ಸಿಗ್ನಲ್ ಹಸಿರಾಗಿರಲೇಬೇಕು.

ಸತ್ಯ: ಇದು ಮೊದಲಿನ ತಪ್ಪೇ, ವೇಷ ಮಾತ್ರ ಬೇರೆ. "ಇದ್ದರೆ" ಎಂಬ ವಾಕ್ಯ ಗಾಡಿ ಇದ್ದಾಗಿನ ಮಾತನ್ನಷ್ಟೇ ಹೇಳುತ್ತದೆ. ಇಲ್ಲದಾಗ ಏನೆಂಬ ಬಗ್ಗೆ ಅದು ಬಾಯಿಯನ್ನೇ ಬಿಟ್ಟಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ವಾಕ್ಯವನ್ನು ತಿರುಗಿಸಿದರೆ ಸಿಗುವುದೆಲ್ಲ ಊಹೆಯೇ. ಹಸಿರು ನೋಡಿ ಹಾದಿ ಖಾಲಿ ಎನ್ನುವುದೂ ಊಹೆಯೇ.

ಸತ್ಯ: ಅಲ್ಲ. ಒಂದು ತಿರುವು ಮಾತ್ರ ಮೂಲ ವಾಕ್ಯದಷ್ಟೇ ಗಟ್ಟಿ: ಸಿಗ್ನಲ್ ಕೆಂಪಾಗಿಲ್ಲದಿದ್ದರೆ, ಅದು ಕಾಯುವ ಹಳಿಯ ಮೇಲೆ ಗಾಡಿ ಇಲ್ಲ. ಇದನ್ನು ಕಾಂಟ್ರಾಪಾಸಿಟಿವ್ ಎನ್ನುತ್ತಾರೆ. ಇದರಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಹಿಂದಿನದು ಮುಂದಕ್ಕೆ ಬರುತ್ತದೆ, ಎರಡಕ್ಕೂ "ಇಲ್ಲ" ಸೇರುತ್ತದೆ. ಒಂದನ್ನೇ ಮಾಡಿ ಇನ್ನೊಂದನ್ನು ಬಿಟ್ಟರೆ ಮೇಲಿನ ಎರಡು ತಪ್ಪುಗಳಲ್ಲಿ ಒಂದಕ್ಕೆ ಬೀಳುತ್ತೇವೆ.

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹಳಿ ಮತ್ತು ಸಿಗ್ನಲ್ ಸೇರಿ ನಾಲ್ಕು ಸ್ಥಿತಿಗಳು ಸಾಧ್ಯ: ಗಾಡಿ ಇದೆ, ಕೆಂಪು; ಗಾಡಿ ಇದೆ, ಹಸಿರು; ಗಾಡಿ ಇಲ್ಲ, ಕೆಂಪು; ಗಾಡಿ ಇಲ್ಲ, ಹಸಿರು. ನಮ್ಮ ನಿಯಮ ಬೇಡವೆನ್ನುವುದು ಎರಡನೆಯದನ್ನು ಮಾತ್ರ, ಗಾಡಿ ಇದ್ದೂ ಹಸಿರು ತೋರುವುದನ್ನು. ಉಳಿದ ಮೂರಕ್ಕೂ ಅದರ ತಕರಾರಿಲ್ಲ. "ಹಸಿರಾಗಿದ್ದರೆ ಗಾಡಿ ಇಲ್ಲ" ಎಂಬ ಮಾತು ಯಾವುದನ್ನು ಬೇಡವೆನ್ನುತ್ತದೆ? ಅದೂ ಅದೇ ಎರಡನೆಯದನ್ನು. ಎರಡೂ ಒಂದೇ ಸ್ಥಿತಿಯನ್ನು ತಳ್ಳಿಹಾಕುವುದರಿಂದ ಎರಡರ ಅರ್ಥವೂ ಒಂದೇ. "ಕೆಂಪಾಗಿದ್ದರೆ ಗಾಡಿ ಇದೆ" ಎಂಬುದಾದರೋ ಮೂರನೆಯದನ್ನು ತಳ್ಳಿಹಾಕುತ್ತದೆ, ಹಾಗಾಗಿ ಅದು ಬೇರೆಯೇ ಮಾತು. ಯಾವುದೇ "ಇದ್ದರೆ" ವಾಕ್ಯದ ಬಗ್ಗೆ ಸಂಶಯ ಬಂದಾಗ ಈ ನಾಲ್ಕನ್ನು ಬರೆದುಕೊಂಡು, ಅದು ಯಾವುದನ್ನು ಅಳಿಸುತ್ತದೆ ಎಂದು ನೋಡುವುದು ನನಗೆ ತಿಳಿದ ಅತ್ಯಂತ ನಂಬಿಕಸ್ಥ ದಾರಿ.

ನಮ್ಮ ನ್ಯಾಯಶಾಸ್ತ್ರ ಓದಿದವರಿಗೆ ಇದು ಹೊಸದೆನಿಸದು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ಅನ್ವಯ. ಬೆಂಕಿ ಇಲ್ಲದಲ್ಲಿ, ಉದಾಹರಣೆಗೆ ಕೆರೆಯಲ್ಲಿ, ಹೊಗೆಯೂ ಇಲ್ಲ ಎಂಬುದು ವ್ಯತಿರೇಕ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂದು ಯಾರಾದರೂ ವಾದಿಸಿದರೆ ನೈಯಾಯಿಕರು ಕಾದು ಕೆಂಪಾದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ಅಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ವಿಲೋಮವನ್ನು ಮುರಿಯಲು ಅಂಥ ಒಂದೇ ಉದಾಹರಣೆ ಸಾಕು.

ತಪ್ಪು ಕಲ್ಪನೆ: ತರ್ಕ ಸರಿಯಾಗಿದ್ದರೆ ತೀರ್ಮಾನವೂ ನಿಜವಾಗಿರುತ್ತದೆ.

ಸತ್ಯ: ಮೂಲ ವಾಕ್ಯ ನಿಜವಾಗಿದ್ದರೆ ಮಾತ್ರ ಕಾಂಟ್ರಾಪಾಸಿಟಿವ್ ನಿಜ. ಗಾಡಿಗಳು ಅಪರೂಪಕ್ಕೆ ಓಡಾಡುವ ಹಳಿಯ ಮೇಲೆ ತುಕ್ಕಿನ ಪದರ ಕಟ್ಟುತ್ತದೆ. ಆ ಪದರ ಚಕ್ರಕ್ಕೂ ಹಳಿಗೂ ನಡುವೆ ವಿದ್ಯುತ್ತನ್ನು ತಡೆದರೆ, ಗಾಡಿ ನಿಂತಿದ್ದರೂ ರಿಲೇ ಬೀಳದೆ ಉಳಿಯಬಹುದು. ಆಗ ಮುರಿದದ್ದು ಮೂಲ ನಿಯಮ. ಜೊತೆಗೆ ಹಸಿರಿನಿಂದ ಪಡೆದ ತೀರ್ಮಾನವೂ ಮುರಿಯುತ್ತದೆ, ತರ್ಕದ ಹೆಜ್ಜೆ ಮಾತ್ರ ಸರಿಯಾಗಿಯೇ ಉಳಿಯುತ್ತದೆ. ರೈಲ್ವೆಯವರು ನಿಜವಾಗಿ ಹೆದರುವುದು ಇದಕ್ಕೇ. ಗಾಡಿ ಇಲ್ಲದ ಕೆಂಪಿನಿಂದ ತಡವಾಗುತ್ತದೆ, ಗಾಡಿ ಇದ್ದೂ ಹಸಿರಾದರೆ ಜೀವ ಹೋಗುತ್ತದೆ.

ಹಾಗಾದರೆ ನಿಯಮ ಸರಿಯಿದೆಯೇ ಎಂದು ಪರೀಕ್ಷಿಸುವವರು ಎಲ್ಲಿ ನೋಡಬೇಕು? ಖಾಲಿ ಹಳಿಯನ್ನು ನೋಡಿ ಪ್ರಯೋಜನವಿಲ್ಲ. ಅಲ್ಲಿ ದೀಪ ಯಾವ ಬಣ್ಣದ್ದಿದ್ದರೂ ನಿಯಮ ಮುರಿಯದು. ಕೆಂಪು ದೀಪವನ್ನು ನೋಡಿಯೂ ಪ್ರಯೋಜನವಿಲ್ಲ. ನೋಡಬೇಕಾದದ್ದು ಎರಡೇ: ಗಾಡಿ ಇರುವಲ್ಲಿ ದೀಪವನ್ನು, ಹಸಿರು ಇರುವಲ್ಲಿ ಹಳಿಯನ್ನು. 1966ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ಇದೇ ಬಗೆಯ ಪ್ರಶ್ನೆಯನ್ನು ನಾಲ್ಕು ಕಾರ್ಡುಗಳಿಟ್ಟು ಕೇಳಿದ. ಹೆಚ್ಚಿನವರು ನಮ್ಮ "ಕೆಂಪು ದೀಪ"ಕ್ಕೆ ಸಮನಾದ ಕಾರ್ಡನ್ನು ತಿರುಗಿಸಿ ನೋಡಲು ಹೊರಟರು, "ಹಸಿರು ದೀಪ"ಕ್ಕೆ ಸಮನಾದದ್ದನ್ನು ಬಿಟ್ಟರು. ಓದಿದವರೂ ಹಾಗೆಯೇ ಮಾಡಿದರು.

ಸಿಗ್ನಲ್ ಸಿಬ್ಬಂದಿ ಮಾಡುವ ಪರೀಕ್ಷೆ ಮಾತ್ರ ಸರಿಯಾದ ಜಾಗಕ್ಕೇ ಕೈಹಾಕುತ್ತದೆ. ಅವರು ಎರಡು ಹಳಿಗಳ ನಡುವೆ ಗಾಡಿಯ ಅಚ್ಚಿನ ಬದಲು ಗೊತ್ತಾದ ಅಳತೆಯ ಸಣ್ಣ ಪ್ರತಿರೋಧವೊಂದನ್ನು ಅಡ್ಡಲಾಗಿ ಜೋಡಿಸಿ ರಿಲೇ ಬೀಳುತ್ತದೆಯೇ ಎಂದು ನೋಡುತ್ತಾರೆ. ಭಾರತೀಯ ರೈಲ್ವೆಯ ಡಿ.ಸಿ. ಟ್ರ್ಯಾಕ್ ಸರ್ಕ್ಯೂಟಿಗೆ ಆ ಅಳತೆ 0.5 ಓಮ್. ರಿಲೇ ಬಿದ್ದರೆ ಸರ್ಕ್ಯೂಟು ಪಾಸು. ಬೀಳದಿದ್ದರೆ ಆ ಹಳಿಯ ಹಸಿರನ್ನು ನಂಬುವ ಹಾಗಿಲ್ಲ.