ಖಾಲಿ ಚೌಕದಲ್ಲಿ ಒಂದೇ ಸಂಖ್ಯೆ

'56 ಗ್ರಾಂ ನೈಟ್ರೋಜನ್, 10 ಗ್ರಾಂ ಹೈಡ್ರೋಜನ್ ಸೇರಿ ವರ್ತಿಸಿದಾಗ 34 ಗ್ರಾಂ ಅಮೋನಿಯ ದೊರೆಯಿತು. ಶೇಕಡಾ ಇಳುವರಿ ಎಷ್ಟು? ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ಬರೆಯಿರಿ.' ಪಿಯುಸಿ ವಿಜ್ಞಾನ ಓದುವ ಮಕ್ಕಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಮೊದಲ ವರ್ಷದ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಮೋಲ್ ಪರಿಕಲ್ಪನೆ ಬರುತ್ತದೆ. ಆದರೆ ಜೆಇಇ ಮೇನ್ ಪರೀಕ್ಷೆಯಲ್ಲಿ ಈ ಪ್ರಶ್ನೆಯ ಕೆಳಗೆ ನಾಲ್ಕು ಆಯ್ಕೆಗಳ ಬದಲು ಒಂದು ಖಾಲಿ ಚೌಕ ಇರಬಹುದು. 2020ರಿಂದ ಆ ಪರೀಕ್ಷೆಯಲ್ಲಿ ಸಂಖ್ಯೆಯನ್ನೇ ಉತ್ತರವಾಗಿ ತುಂಬುವ ಪ್ರಶ್ನೆಗಳು ಬಂದಿವೆ. ಸರಿಯಾದರೆ 4 ಅಂಕ, ತಪ್ಪಿದರೆ ಈಗ 1 ಅಂಕ ಕಡಿತ. ಸಿಇಟಿ ಬರೆದು ರೂಢಿಯಾದವರಿಗೆ ಆಯ್ಕೆಗಳನ್ನು ನೋಡಿ ಸುಧಾರಿಸಿಕೊಳ್ಳುವ ಅವಕಾಶ ಇಲ್ಲಿಲ್ಲ.

ಚೌಕ ಕೇಳುವುದು ಒಂದೇ ಸಂಖ್ಯೆಯಾದರೂ ಅದರ ಹಿಂದೆ ಎರಡು ನಿರ್ಧಾರಗಳಿವೆ. ಯಾವ ವಸ್ತು ಮೊದಲು ಮುಗಿಯುತ್ತದೆ ಎಂಬುದು ಮೊದಲನೆಯದು. ಅದನ್ನೇ ಲಿಮಿಟಿಂಗ್ ರೀಏಜೆಂಟ್ ಎನ್ನುತ್ತಾರೆ. ಅದು ಪೂರ್ತಿ ಮುಗಿದಾಗ ಸಿಗಬೇಕಾದಷ್ಟರಲ್ಲಿ ನಿಜಕ್ಕೂ ಕೈಗೆ ಬಂದದ್ದೆಷ್ಟು ಎಂಬುದು ಎರಡನೆಯದು, ಅಂದರೆ ಇಳುವರಿ. ಪ್ರಶ್ನೆಯಲ್ಲಿ ಮೊದಲನೆಯದರ ಹೆಸರೂ ಇರುವುದಿಲ್ಲ.

ಹೋಳಿಗೆ ಮಾಡುವ ಮನೆಯಲ್ಲಿ ಈ ಲೆಕ್ಕ ತಾನಾಗಿ ನಡೆಯುತ್ತದೆ. ಹೂರಣದ ಉಂಡೆ 20, ಕಣಕದ ಉಂಡೆ 12 ಇದ್ದರೆ ಹೋಳಿಗೆ ಆಗುವುದು 12 ಮಾತ್ರ. ಲಟ್ಟಿಸುವಾಗ ಮೂರು ಹರಿದು 9 ನೆಟ್ಟಗೆ ಬಂದವು ಎನ್ನೋಣ. ಇಳುವರಿ 12ಕ್ಕೆ 9, ಅಂದರೆ ಶೇ. 75. ಹೂರಣ 20 ಇತ್ತಲ್ಲ ಎಂದು 9ನ್ನು 20ರಿಂದ ಭಾಗಿಸಿದರೆ ಶೇ. 45 ಬರುತ್ತದೆ. ಉಳಿದ ಎಂಟು ಹೂರಣದುಂಡೆಗಳ ತಪ್ಪನ್ನು ಲಟ್ಟಿಸಿದವರ ತಲೆಗೆ ಕಟ್ಟಿದಂತಾಯಿತು.

ಇನ್ನು ಅಮೋನಿಯಕ್ಕೆ ಬರೋಣ. ಸಮತೋಲನಗೊಳಿಸಿದ ಸಮೀಕರಣ ಹೀಗಿದೆ:

N2 + 3H2 → 2NH3

ನೈಟ್ರೋಜನ್ ಅಣುವಿನ ತೂಕ 28, ಆದ್ದರಿಂದ 56 ಗ್ರಾಂ ಎಂದರೆ 2 ಮೋಲ್. ಹೈಡ್ರೋಜನ್ ಅಣುವಿನ ತೂಕ 2, ಆದ್ದರಿಂದ 10 ಗ್ರಾಂ ಎಂದರೆ 5 ಮೋಲ್. ಎಡವುವುದು ಇಲ್ಲೇ. 5ಕ್ಕಿಂತ 2 ಚಿಕ್ಕದು, ಹಾಗಾಗಿ ನೈಟ್ರೋಜನ್ನೇ ಮೊದಲು ಮುಗಿಯುತ್ತದೆ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆದರೆ ಒಂದು ಮೋಲ್ ನೈಟ್ರೋಜನ್ನಿಗೆ ಮೂರು ಮೋಲ್ ಹೈಡ್ರೋಜನ್ ಬೇಕು. ಎರಡಕ್ಕೆ ಆರು ಬೇಕಿತ್ತು, ಇರುವುದು ಐದೇ. ಪ್ರತಿಯೊಂದರ ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿದರೆ ಇದು ಥಟ್ಟನೆ ಕಾಣುತ್ತದೆ: ನೈಟ್ರೋಜನ್ನಿಗೆ 2, ಹೈಡ್ರೋಜನ್ನಿಗೆ 5/3. ಚಿಕ್ಕದು ಹೈಡ್ರೋಜನ್ನಿನದು, ಮೊದಲು ಮುಗಿಯುವುದೂ ಅದೇ.

ಮೂರು ಮೋಲ್ ಹೈಡ್ರೋಜನ್ನಿನಿಂದ ಎರಡು ಮೋಲ್ ಅಮೋನಿಯ ಬರುವುದರಿಂದ ಐದು ಮೋಲಿನಿಂದ 10/3 ಮೋಲ್ ಬರಬೇಕು. ಅಮೋನಿಯದ ಅಣುತೂಕ 17. ಹಾಗಾಗಿ ಸಿಕ್ಕಿರುವ 34 ಗ್ರಾಂ ಎಂದರೆ 2 ಮೋಲ್. ಎರಡನ್ನು 10/3ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 60. ಚೌಕಕ್ಕೆ ಹೋಗಬೇಕಾದ ಸಂಖ್ಯೆ ಅದು.

ನೈಟ್ರೋಜನ್ ಮೊದಲು ಮುಗಿಯುತ್ತದೆ ಎಂದುಕೊಂಡವರಿಗೆ ಏನು ಸಿಗುತ್ತದೆ? ಅವರ ಲೆಕ್ಕದಲ್ಲಿ 4 ಮೋಲ್ ಅಮೋನಿಯ ಬರಬೇಕಿತ್ತು, ಬಂದದ್ದು 2, ಆದ್ದರಿಂದ ಉತ್ತರ 50. ಹೈಡ್ರೋಜನ್ನನ್ನೇ ಸರಿಯಾಗಿ ಆರಿಸಿ 3:2 ಅನುಪಾತ ಮರೆತವರು, ಐದು ಮೋಲಿಗೆ ಐದು ಮೋಲ್ ಎಂದುಕೊಂಡು 40 ಬರೆಯುತ್ತಾರೆ. 60, 50, 40 ಮೂರೂ ಎಷ್ಟು ನಯವಾದ ಸಂಖ್ಯೆಗಳು! ಉತ್ತರ ಚೊಕ್ಕವಾಗಿ ಬಂತು, ಹಾಗಾದರೆ ಸರಿಯೇ ಇರಬೇಕು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಎರಡು ವಸ್ತುಗಳಲ್ಲಿ ಕಡಿಮೆ ಉತ್ಪನ್ನ ಕೊಡುವುದೇ ಲಿಮಿಟಿಂಗ್ ರೀಏಜೆಂಟ್. ಆದ್ದರಿಂದ ತಪ್ಪು ವಸ್ತುವನ್ನು ಆರಿಸಿದರೆ ಸಿಗಬೇಕಾದ ಮೊತ್ತ ಯಾವಾಗಲೂ ಹಿಗ್ಗುತ್ತದೆ, ಇಳುವರಿ ಯಾವಾಗಲೂ ಕುಗ್ಗುತ್ತದೆ. ನೂರು ದಾಟಿದ ಉತ್ತರ ಬಂದಿದ್ದರೆ ಯಾರಾದರೂ ಬೆಚ್ಚಿ ಮತ್ತೆ ಲೆಕ್ಕ ಮಾಡುತ್ತಾರೆ. ಕುಗ್ಗಿದ ಉತ್ತರ ಯಾರನ್ನೂ ಎಚ್ಚರಿಸುವುದಿಲ್ಲ.

ಎಚ್ಚರಿಸುವ ಬೇರೆ ದಾರಿ ಒಂದಿದೆ: ತೂಕ ತಾಳೆ ನೋಡುವುದು. ಕ್ರಿಯೆ ಪೂರ್ತಿ ನಡೆದರೆ ಅಮೋನಿಯ 10/3 ಮೋಲ್, ಅಂದರೆ ಸುಮಾರು 56.67 ಗ್ರಾಂ. ನೈಟ್ರೋಜನ್ 5/3 ಮೋಲ್ ಖರ್ಚಾಗಿ 1/3 ಮೋಲ್, ಅಂದರೆ 9.33 ಗ್ರಾಂ ಉಳಿಯುತ್ತದೆ. ಕೂಡಿದರೆ 66 ಗ್ರಾಂ. ಮೊದಲು ಹಾಕಿದ್ದೂ 56 ಮತ್ತು 10, ಒಟ್ಟು 66. ನೈಟ್ರೋಜನ್ ಆರಿಸಿದವರ ಲೆಕ್ಕದಲ್ಲಿ ಅಮೋನಿಯವೇ 68 ಗ್ರಾಂ ಆಗಬೇಕು. ಹಾಕಿದ್ದಕ್ಕಿಂತ ಎರಡು ಗ್ರಾಂ ಹೆಚ್ಚು ಎಲ್ಲಿಂದ ಬಂತು? ಅರ್ಧ ನಿಮಿಷದ ಈ ತಾಳೆ ತಪ್ಪನ್ನು ಹಿಡಿದುಕೊಡುತ್ತದೆ.

ದಾರಿ ಸರಿಯಿದ್ದೂ ಕೊನೆಯಲ್ಲಿ ಜಾರುವವರಿದ್ದಾರೆ. 10/3 ಅನ್ನು 3.3 ಎಂದು ಮೊಟಕು ಮಾಡಿಕೊಂಡರೆ ಅಮೋನಿಯ 56.1 ಗ್ರಾಂ ಆಗುತ್ತದೆ. 34ನ್ನು ಅದರಿಂದ ಭಾಗಿಸಿದರೆ ಶೇ. 60.6, ಹತ್ತಿರದ ಪೂರ್ಣಾಂಕ 61. ಆಯ್ಕೆಗಳಿದ್ದ ಪ್ರಶ್ನೆಯಲ್ಲಾಗಿದ್ದರೆ 60ನ್ನು ಗುರುತು ಹಾಕಿ ಮುಂದೆ ಹೋಗಬಹುದಿತ್ತು. ಭಿನ್ನರಾಶಿಯನ್ನು ಕೊನೆಯ ಸಾಲಿನವರೆಗೂ ಭಿನ್ನರಾಶಿಯಾಗಿಯೇ ಇಟ್ಟುಕೊಂಡವರಿಗೆ ಈ ತೊಂದರೆ ಇಲ್ಲ.

ಅಂದಹಾಗೆ, ಪ್ರಶ್ನೆಯಲ್ಲಿರುವ ಶೇ. 60 ಕಾಗದದ ಮೇಲಿನ ಮಾತು. ಅಮೋನಿಯ ಕಾರ್ಖಾನೆಗಳಲ್ಲಿ ಅನಿಲಗಳು ಒಮ್ಮೆ ವೇಗವರ್ಧಕದ ಮೇಲೆ ಹಾದಾಗ ಸಾಮಾನ್ಯವಾಗಿ ಶೇ. 15ರ ಆಸುಪಾಸು ಮಾತ್ರ ಅಮೋನಿಯವಾಗುತ್ತದೆ. ಕ್ರಿಯೆ ಹಿಂದಕ್ಕೂ ನಡೆಯುವಂಥದ್ದು, ಸಮತೋಲನ ಮುಟ್ಟಿದಲ್ಲಿ ನಿಂತುಬಿಡುತ್ತದೆ. ಅಮೋನಿಯವನ್ನು ತಂಪುಮಾಡಿ ದ್ರವವಾಗಿ ತೆಗೆದು, ಉಳಿದ ಅನಿಲವನ್ನು ಮತ್ತೆ ಮತ್ತೆ ಒಳಗೆ ಕಳಿಸುವುದರಿಂದ ಕೊನೆಗೆ ಹಾಕಿದ್ದರಲ್ಲಿ ಬಹುಪಾಲು ಅಮೋನಿಯವಾಗಿ ಹೊರಬರುತ್ತದೆ.

ಈ ಪ್ರಶ್ನೆಯಲ್ಲಿ ಹೈಡ್ರೋಜನ್ ತೂಕದಲ್ಲೂ ಕಡಿಮೆಯಿತ್ತು. ಕಡಿಮೆ ತೂಕದ್ದೇ ಮೊದಲು ಮುಗಿಯುತ್ತದೆ ಎಂದುಕೊಂಡವರೂ ಅದೃಷ್ಟದಿಂದ ಸರಿಯಾದ ವಸ್ತುವನ್ನೇ ಆರಿಸುತ್ತಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಮಾಡುವ ಆಸ್ಪಿರಿನ್ ಆ ಅದೃಷ್ಟವನ್ನು ಕಸಿದುಕೊಳ್ಳುತ್ತದೆ. 6.9 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 6.12 ಗ್ರಾಂ ಅಸಿಟಿಕ್ ಅನ್‌ಹೈಡ್ರೈಡ್ ತೆಗೆದುಕೊಂಡರೆ, ಅಣುತೂಕ 138 ಮತ್ತು 102 ಆದ್ದರಿಂದ ಮೋಲ್‌ಗಳು 0.05 ಮತ್ತು 0.06. ಎರಡೂ ಒಂದಕ್ಕೊಂದರಂತೆ ವರ್ತಿಸುತ್ತವೆ. ತೂಕದಲ್ಲಿ ಹೆಚ್ಚಿರುವ ಸ್ಯಾಲಿಸಿಲಿಕ್ ಆಮ್ಲವೇ ಮೊದಲು ಮುಗಿಯುತ್ತದೆ. ಆಸ್ಪಿರಿನ್ ಅಣುತೂಕ 180, ಸಿಗಬೇಕಾದದ್ದು 9 ಗ್ರಾಂ. ಸಿಕ್ಕಿದ್ದು 7.2 ಗ್ರಾಂ ಆದರೆ ಇಳುವರಿ 80. ಅನ್‌ಹೈಡ್ರೈಡ್ ಹಿಡಿದು ಹೋದವರಿಗೆ 10.8 ಗ್ರಾಂ ಎದುರು 7.2, ಅಂದರೆ 67.

ಲ್ಯಾಬಿನಲ್ಲಿ ಹಾಗೆ ಕಡಿಮೆಯಾದ ಆಸ್ಪಿರಿನ್ ಎಲ್ಲಿ ಹೋಯಿತು ಎಂದು ಹುಡುಕಬಹುದು. ಸ್ವಲ್ಪ ತಣ್ಣೀರಿನಲ್ಲಿ ಕರಗಿ ಸೋಸಿದ ದ್ರವದೊಂದಿಗೆ ಹೋಗಿರುತ್ತದೆ, ಸ್ವಲ್ಪ ಫಿಲ್ಟರ್ ಕಾಗದಕ್ಕೆ ಅಂಟಿರುತ್ತದೆ. ಅವಸರದಲ್ಲಿ ಹಸಿ ಹರಳುಗಳನ್ನೇ ತೂಗಿದರೆ ಮಾತ್ರ ತಕ್ಕಡಿ 9.6 ಗ್ರಾಂ ತೋರಿಸಬಹುದು, ಇಳುವರಿ ಶೇ. 107! ಹೆಚ್ಚಾಗಿ ಕಂಡದ್ದು ನೀರಿನ ತೂಕ. ಒಣಗಿಸಿ ಮತ್ತೆ ತೂಗಿದಾಗ ಶೇ. 80 ಬಂದರೂ ಅದೆಲ್ಲ ಆಸ್ಪಿರಿನ್ನೇ ಎನ್ನಲು ಇನ್ನೊಂದು ಪರೀಕ್ಷೆ ಬೇಕು. ನಾಲ್ಕು ಹರಳನ್ನು ನೀರಿಗೆ ಹಾಕಿ ಒಂದು ಹನಿ ಫೆರಿಕ್ ಕ್ಲೋರೈಡ್ ಬಿಟ್ಟಾಗ ನೇರಳೆ ಬಣ್ಣ ಮೂಡಿದರೆ, ವರ್ತಿಸದೆ ಉಳಿದ ಸ್ಯಾಲಿಸಿಲಿಕ್ ಆಮ್ಲವೂ ಆ 7.2 ಗ್ರಾಮಿನೊಳಗೆ ಸೇರಿಕೊಂಡಿದೆ.