ಪಾಸಾದವರ ಲೆಕ್ಕ, ಬಿಟ್ಟುಹೋದವರ ಲೆಕ್ಕ

ವೆನೆಜುವೆಲಾದ ರಾಜಧಾನಿ ಕರಾಕಸ್‌ನಲ್ಲಿ ಕಾತಿಯಾ ಎಂಬ ಪ್ರದೇಶವಿದೆ. ಅಲ್ಲಿನ ಬಡವರ ಬಡಾವಣೆಯೊಂದರಲ್ಲಿ ಅಬ್ರಹಾಂ ರೇಯೆಸ್ ಎಂಬ ಗಾರೆ ಕೆಲಸದವನಿದ್ದ. ಅವನೂ ಅವನ ಹೆಂಡತಿಯೂ ವರ್ಷಗಟ್ಟಲೆ ಕೈಯಾರೆ ಕಟ್ಟಿಕೊಂಡ ಮನೆಯನ್ನು 1955ರಲ್ಲಿ ಶಾಲೆ ನಡೆಸಲು ಬಿಟ್ಟುಕೊಟ್ಟರು. ಆ ಬಡಾವಣೆಗೆ ಕಾಲೇಜು ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತಿದ್ದವರು ಜೆಸ್ವಿಟ್ ಪಾದ್ರಿ ಹೊಸೆ ಮರಿಯಾ ವೇಲಸ್. ಮೊದಲ ನೂರು ಮಕ್ಕಳು ಕುಳಿತದ್ದು ಬರಿಯ ಸಿಮೆಂಟು ನೆಲದ ಮೇಲೆ. ಬೆಂಚಿಗೆ ದುಡ್ಡಿರಲಿಲ್ಲ. ವಿದ್ಯಾರ್ಥಿನಿಯೊಬ್ಬಳು ತನ್ನ ಕಿವಿಯೋಲೆ ಬಿಚ್ಚಿಕೊಟ್ಟಳು, ಅದನ್ನೇ ಬಹುಮಾನವಾಗಿಟ್ಟು ಚೀಟಿ ಮಾರಿ ಹಣ ಕೂಡಿಸಿದರು. ಹೀಗೆ ಹುಟ್ಟಿದ ಸಂಸ್ಥೆಯ ಹೆಸರು ‘ಫೆ ಇ ಅಲೆಗ್ರಿಯಾ’, ಎಂದರೆ ನಂಬಿಕೆ ಮತ್ತು ಸಂತೋಷ. 1966ರ ಹೊತ್ತಿಗೆ ಅದು ಈಕ್ವೆಡಾರ್, ಪನಾಮಾ, ಪೆರು, ಬೊಲಿವಿಯಾಗಳಿಗೆ ಹಬ್ಬಿತ್ತು. ಇಂದು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿದೆ.

ನಮ್ಮ ಮಠಗಳ ಅನುದಾನಿತ ಶಾಲೆಗಳನ್ನು ಬಲ್ಲವರಿಗೆ ಇದರ ವ್ಯವಸ್ಥೆ ಹೊಸದೇನಲ್ಲ. ಶಿಕ್ಷಕರ ಸಂಬಳವನ್ನು ಬಹುಪಾಲು ಸರ್ಕಾರ ಕೊಡುತ್ತದೆ. ಜಾಗ, ಕಟ್ಟಡ, ದುಡಿಮೆಗೆ ಊರಿನವರು ಕೈಜೋಡಿಸುತ್ತಾರೆ. ನಡೆಸುವ ಹೊಣೆ ಧಾರ್ಮಿಕ ಸಂಸ್ಥೆಯದು. ಟಾರು ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನಮ್ಮ ಶಾಲೆ ಶುರು ಎನ್ನುವುದು ಅವರ ಹೆಮ್ಮೆಯ ಮಾತು. ಆದರೆ ಇಲ್ಲಿ ನಾನು ಹೇಳಹೊರಟಿರುವುದು ಅವರ ಸೇವೆಯ ಕತೆಯನ್ನಲ್ಲ, ಆ ಸೇವೆಯನ್ನು ಅಳೆದ ಬಗೆಯನ್ನು. ಧಾರ್ಮಿಕ ಶಿಕ್ಷಣ ಸಂಸ್ಥೆಯೊಂದರಿಂದ ಮಕ್ಕಳಿಗೆ ನಿಜವಾಗಿ ಏನಾಯಿತು ಎಂಬ ಪ್ರಶ್ನೆಯನ್ನು ಹೊರಗಿನ ಸಂಶೋಧಕರು ಇಷ್ಟು ಬೇರೆಬೇರೆ ದಾರಿಯಲ್ಲಿ ಕೇಳಿದ ಉದಾಹರಣೆಗಳು ಕಡಿಮೆ. ವಾರ್ಷಿಕ ವರದಿ ಬರೆಯುವ ನಮ್ಮ ಟ್ರಸ್ಟುಗಳಿಗೆ ಇದರಲ್ಲಿ ನೇರವಾಗಿ ಬಳಸಿಕೊಳ್ಳುವ ಸಾಮಗ್ರಿಯಿದೆ.

ಸಾಮಾನ್ಯವಾಗಿ ವರದಿಯಲ್ಲಿ ಏನಿರುತ್ತದೆ? ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಕೊಠಡಿ, ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ಎಷ್ಟು. ಮೊದಲ ಮೂರು ಮಾಡಿದ ಕೆಲಸದ ಲೆಕ್ಕ, ಅದರಿಂದಾದ ಪರಿಣಾಮದ ಲೆಕ್ಕವಲ್ಲ. ನಾಲ್ಕನೆಯದು ಪರಿಣಾಮದಂತೆ ಕಾಣುತ್ತದೆ, ಆದರೆ ಅದರೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಇದೇ ಮಕ್ಕಳು ಇದೇ ಮನೆಗಳಿಂದ ಪಕ್ಕದ ಸರ್ಕಾರಿ ಶಾಲೆಗೆ ಹೋಗಿದ್ದರೆ ಎಷ್ಟು ಅಂಕ ಬರುತ್ತಿತ್ತು? ಆ ಅಂಕ ಗೊತ್ತಿಲ್ಲದೆ ಶಾಲೆಯ ಪಾಲು ಎಷ್ಟೆಂದು ಹೇಳುವಂತಿಲ್ಲ.

ಕೊಲಂಬಿಯಾದಲ್ಲಿ ನಡೆದ ಅಧ್ಯಯನ ಈ ಪ್ರಶ್ನೆಯ ತೂಕವನ್ನು ತೋರಿಸುತ್ತದೆ. ಅಲ್ಲಿ ಈ ಸಂಸ್ಥೆಯ ಮಕ್ಕಳ ಅಂಕಗಳನ್ನು ಉಳಿದ ಶಾಲೆಗಳ ಜೊತೆ ಹಾಗೆಯೇ ಇಟ್ಟು ನೋಡಿದಾಗ ಅವರು ಹಿಂದೆ ಬಿದ್ದಿದ್ದರು. ಮನೆಯ ಆದಾಯ, ತಂದೆತಾಯಿಯ ಓದು ಇಂಥವನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದೇ ಬಗೆಯ ಮನೆಗಳ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಚಿತ್ರ ಬದಲಾಯಿತು. ಅವರು ಬೇರೆಯವರಿಗೆ ಸಮನಾಗಿದ್ದರು, ಅನೇಕ ಕಡೆ ಮುಂದಿದ್ದರು. ಬಡ ಮಕ್ಕಳನ್ನೇ ಹುಡುಕಿ ಸೇರಿಸಿಕೊಳ್ಳುವ ಸಂಸ್ಥೆಗೆ ಬರಿಯ ಶೇಕಡಾವಾರು ಅನ್ಯಾಯ ಮಾಡುತ್ತದೆ. ಪ್ರವೇಶ ಪರೀಕ್ಷೆ ಇಟ್ಟು ಜಾಣರನ್ನೇ ಆರಿಸಿಕೊಳ್ಳುವ ಸಂಸ್ಥೆಗೆ ಅದೇ ಶೇಕಡಾವಾರು ಸಲ್ಲದ ಕೀರ್ತಿ ತಂದುಕೊಡುತ್ತದೆ.

ವೆನೆಜುವೆಲಾದಲ್ಲಿ ಹಂಟ್ ಆಲ್ಕಾಟ್ ಮತ್ತು ಡೇನಿಯಲ್ ಒರ್ಟೆಗಾ ಎಂಬ ಅರ್ಥಶಾಸ್ತ್ರಜ್ಞರು ಇದೇ ದಾರಿ ಹಿಡಿದರು. ಅವರ ವರದಿಯನ್ನು ವಿಶ್ವಬ್ಯಾಂಕ್ 2009ರಲ್ಲಿ ಪ್ರಕಟಿಸಿತು. ಪ್ರೌಢಶಿಕ್ಷಣ ಮುಗಿಸಿ ವಿಶ್ವವಿದ್ಯಾಲಯ ಸೇರಬಯಸುವವರು ಬರೆಯುವ ರಾಷ್ಟ್ರೀಯ ಪರೀಕ್ಷೆಯ ಅಂಕಗಳನ್ನು ಅವರು ತೆಗೆದುಕೊಂಡರು, ಸರ್ಕಾರಿ ಶಾಲೆಯ ಮಕ್ಕಳೊಡನೆ ಹೋಲಿಸಿದರು. ಅವರಿಗೆ ಸಿಕ್ಕ ವ್ಯತ್ಯಾಸ ಸಂಖ್ಯಾಶಾಸ್ತ್ರದ ಮಾತಿನಲ್ಲಿ ಸುಮಾರು 0.1 ಪ್ರಮಾಣ ವಿಚಲನೆ. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಡುಮಧ್ಯದಲ್ಲಿದ್ದ ಮಗು ನಾಲ್ಕು ಸ್ಥಾನ ಮುಂದೆ ಬಂದಂತೆ. ಇದು ಚಿಕ್ಕ ಮುನ್ನಡೆ. ಅರ್ಧ ಶತಮಾನದ ಸೇವೆಗೆ ಇಷ್ಟೇನಾ ಎಂದು ಭಕ್ತರಿಗೆ ಅನ್ನಿಸಬಹುದು. ನನಗಂತೂ ಈ ಅಂಕಿಯ ಮೇಲೆ ಗೌರವವಿದೆ, ಏಕೆಂದರೆ ಇದು ಇದ್ದದ್ದನ್ನು ಇದ್ದಷ್ಟೇ ಹೇಳುತ್ತದೆ.

ಈ ಅಧ್ಯಯನಕ್ಕೂ ಎರಡು ಮಿತಿಗಳಿವೆ. ಪರೀಕ್ಷೆ ಬರೆದವರು ಪ್ರೌಢಶಾಲೆಯ ಕೊನೆಯವರೆಗೆ ಉಳಿದವರು. ನಡುವೆ ಶಾಲೆ ಬಿಟ್ಟವರು ಈ ಲೆಕ್ಕದಲ್ಲೇ ಇಲ್ಲ. ಸಂಸ್ಥೆಯು ಬೇರೆ ಶಾಲೆಗಳಿಗಿಂತ ಹೆಚ್ಚು ಮಕ್ಕಳನ್ನು ಕೊನೆಯವರೆಗೆ ಉಳಿಸಿಕೊಂಡಿದ್ದರೆ, ಹಿಂದುಳಿದ ಮಕ್ಕಳೂ ಪರೀಕ್ಷೆಗೆ ಬಂದಿರುತ್ತಾರೆ, ಸರಾಸರಿ ಇಳಿದಿರುತ್ತದೆ. ಕೆಲವರನ್ನು ಮೊದಲೇ ಹೊರಗೆ ಕಳಿಸಿದ್ದರೆ ಸರಾಸರಿ ಏರಿರುತ್ತದೆ. ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಆದಾಯವನ್ನೂ ಓದನ್ನೂ ಸರಿತೂಗಿಸಬಹುದು, ತಾಯಿಯ ಹಟವನ್ನು ಹೇಗೆ ಸರಿತೂಗಿಸುವುದು? ಇಬ್ಬರು ಕೂಲಿಕಾರರ ಆದಾಯ ಒಂದೇ ಇರಬಹುದು. ಒಬ್ಬಳು ನಸುಕಿನಲ್ಲಿ ಎದ್ದು ಪಾದ್ರಿಗಳ ಶಾಲೆಯ ಮುಂದೆ ಸಾಲು ನಿಲ್ಲುತ್ತಾಳೆ, ಇನ್ನೊಬ್ಬಳು ಹತ್ತಿರದ ಶಾಲೆಗೆ ಸೇರಿಸಿ ಸುಮ್ಮನಾಗುತ್ತಾಳೆ. ಮೊದಲನೆಯವಳ ಮಗು ಎಲ್ಲಿದ್ದರೂ ಓದುತ್ತಿತ್ತೇನೋ. ಸಿದ್ಧಗಂಗೆಯ ಉಚಿತ ವಸತಿ ಶಾಲೆಗೆ ಸೇರಿಸಲು ದೂರದೂರದ ಊರುಗಳಿಂದ ಮಕ್ಕಳನ್ನು ಕರೆತರುವ ತಂದೆತಾಯಂದಿರ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಈ ಗಂಟನ್ನು ಬಿಡಿಸುವ ಅವಕಾಶ ಸಿಕ್ಕಿದ್ದು ಪೆರುವಿನಲ್ಲಿ. ಅಲ್ಲಿ ಈ ಸಂಸ್ಥೆಯ ಶಾಲೆಗಳಿಗೆ ಸೀಟಿಗಿಂತ ಹೆಚ್ಚು ಅರ್ಜಿಗಳು ಬರುತ್ತಿದ್ದುದರಿಂದ ಅನೇಕ ಶಾಲೆಗಳು ಒಂದನೇ ತರಗತಿಗೆ ಚೀಟಿ ಎತ್ತಿ ಸೇರಿಸಿಕೊಳ್ಳುತ್ತಿದ್ದವು. ಚೀಟಿ ಎತ್ತುವ ಕೈಗೆ ಯಾರ ತಾಯಿ ಹಟವಾದಿ ಎಂಬುದು ಗೊತ್ತಿರುವುದಿಲ್ಲ. ಸೀಟು ಸಿಕ್ಕವರ ಮನೆಯೂ ಸಿಗದವರ ಮನೆಯೂ ಒಟ್ಟಾರೆಯಾಗಿ ಒಂದೇ ಬಗೆಯವು, ಎರಡೂ ಕಡೆ ಅರ್ಜಿ ಹಾಕುವಷ್ಟು ಆಸೆಯಿದ್ದ ತಂದೆತಾಯಂದಿರೇ. ಆಮೇಲೆ ಅವರ ಮಕ್ಕಳಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆ ಕಾರಣ ಎನ್ನಲು ಗಟ್ಟಿ ಆಧಾರ ಸಿಗುತ್ತದೆ. ಪಾಬ್ಲೊ ಲವಾದೊ, ಸ್ಯಾಂಟಿಯಾಗೊ ಕ್ವೆಟೊ ಮತ್ತು ಸಂಗಡಿಗರು ಎರಡೂ ಗುಂಪಿನ ಮಕ್ಕಳನ್ನು ಎರಡನೇ ತರಗತಿಯ ಸರ್ಕಾರಿ ಪರೀಕ್ಷೆಯ ದಾಖಲೆಗಳಲ್ಲಿ ಹುಡುಕಿದರು. ಗಣಿತದಲ್ಲೂ ಓದಿ ಅರ್ಥಮಾಡಿಕೊಳ್ಳುವುದರಲ್ಲೂ ವ್ಯತ್ಯಾಸ 0.4ರ ಆಸುಪಾಸಿನಲ್ಲಿತ್ತು. ನೂರರ ಸಾಲಿನ ನಡುವಿನ ಮಗು ಹದಿನೈದು ಸ್ಥಾನ ಮುಂದೆ ಬಂದಂತೆ.

ಚೀಟಿಯ ಲೆಕ್ಕ ಮೇಲ್ನೋಟಕ್ಕೆ ಸುಲಭವೆನಿಸಿದರೂ ಎಡವಲು ಜಾಗಗಳಿವೆ. ಅಣ್ಣನೋ ಅಕ್ಕನೋ ಓದುತ್ತಿರುವ ಕಾರಣಕ್ಕೆ ಚೀಟಿಯಿಲ್ಲದೆ ಸೇರಿದ ಮಕ್ಕಳನ್ನು ಬೇರೆ ಇಡಬೇಕು. ಸೀಟು ಸಿಕ್ಕರೂ ಕೆಲವರು ಸೇರುವುದಿಲ್ಲ, ಸಿಗದ ಕೆಲವರು ಆಮೇಲೆ ಖಾಲಿಯಾದ ಜಾಗಕ್ಕೆ ಬರುತ್ತಾರೆ. ಹಾಗಾದಾಗ ಏನು ಮಾಡಬೇಕೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಚೀಟಿ ಬಂದ ನೂರು ಮಕ್ಕಳಲ್ಲಿ ಎಂಬತ್ತು ಮಂದಿ ಸೇರಿದರು, ಬಾರದ ನೂರರಲ್ಲಿ ಹತ್ತು ಮಂದಿ ಹೇಗೋ ಸೇರಿದರು ಎನ್ನಿ. ಸೇರಿದವರನ್ನು ಸೇರದವರೊಡನೆ ಹೋಲಿಸಿದರೆ ಹಟವಾದಿ ತಾಯಿ ಮತ್ತೆ ಲೆಕ್ಕದೊಳಗೆ ಬಂದುಬಿಡುತ್ತಾಳೆ. ಆದ್ದರಿಂದ ಚೀಟಿ ಬಂದ ನೂರೂ ಮಂದಿಯನ್ನು ಬಾರದ ನೂರೂ ಮಂದಿಯೊಡನೆ ಹೋಲಿಸಬೇಕು. ಅವರ ಸರಾಸರಿ ಅಂಕಗಳ ನಡುವೆ ಏಳು ಅಂಕದ ಅಂತರ ಸಿಕ್ಕಿತೆಂದುಕೊಳ್ಳಿ. ಚೀಟಿಯಿಂದಾಗಿ ಹೆಚ್ಚುವರಿಯಾಗಿ ಶಾಲೆ ಸೇರಿದವರು ನೂರಕ್ಕೆ ಎಪ್ಪತ್ತು ಮಂದಿ ಮಾತ್ರ. ಏಳನ್ನು 0.7ರಿಂದ ಭಾಗಿಸಿದರೆ ಹತ್ತು. ಚೀಟಿಯ ಬಲದಿಂದಲೇ ಸೇರಿದ ಮಗುವಿಗೆ ಶಾಲೆ ಕೊಟ್ಟದ್ದು ಆ ಹತ್ತು ಅಂಕ.

ಹಾಗಾದರೆ ನಿಜ ಯಾವುದು, 0.1 ಅಥವಾ 0.4? ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವಂತಿಲ್ಲ. ಒಂದು ವೆನೆಜುವೆಲಾದ ಯುವಕರ ಅಂಕ, ಇನ್ನೊಂದು ಪೆರುವಿನ ಏಳೆಂಟು ವರ್ಷದ ಮಕ್ಕಳ ಅಂಕ. ಪೆರುವಿನ ಫಲಿತಾಂಶ ಗಟ್ಟಿಯಾದದ್ದು, ಆದರೆ ಅದರ ಹರವು ಕಿರಿದು. ಅರ್ಜಿಗಳು ತುಂಬಿ ತುಳುಕುವಷ್ಟು ಹೆಸರಾದ ಶಾಲೆಗಳಿಗೆ, ಅರ್ಜಿ ಹಾಕಿದ ಮನೆಗಳಿಗೆ, ಶಾಲೆಯ ಮೊದಲ ಎರಡು ವರ್ಷಗಳಿಗೆ ಮಾತ್ರ ಅದು ಸಲ್ಲುತ್ತದೆ. ಅರ್ಜಿಯನ್ನೇ ಹಾಕದ ಮನೆಯ ಮಗುವನ್ನು ಅದೇ ಶಾಲೆಗೆ ಸೇರಿಸಿದ್ದರೆ ಏನಾಗುತ್ತಿತ್ತೆಂದು ಅದು ಹೇಳುವುದಿಲ್ಲ.

ಇದೆಲ್ಲ ಧರ್ಮದಿಂದ ಆದದ್ದೇ? ಸಂಶೋಧಕರು ಬೆರಳು ತೋರಿಸುವುದು ಶಾಲೆಗಿರುವ ಸ್ವಾತಂತ್ರ್ಯದತ್ತ, ಶಿಕ್ಷಕರ ಉತ್ಸಾಹದತ್ತ, ಶಾಲೆಯೊಳಗಿನ ಪರಸ್ಪರ ವಿಶ್ವಾಸದತ್ತ. ಆ ಉತ್ಸಾಹಕ್ಕೆ ಶ್ರದ್ಧೆಯೇ ಬೇರು ಎಂದು ಸಂಸ್ಥೆ ನಂಬಬಹುದು, ಅದು ಸುಳ್ಳೆಂದು ಯಾರೂ ತೋರಿಸಿಲ್ಲ. ಆದರೆ ಶ್ರದ್ಧೆಯೊಂದನ್ನು ತೆಗೆದು ಉಳಿದದ್ದೆಲ್ಲವನ್ನೂ ಹಾಗೇ ಇಟ್ಟ ಶಾಲೆ ಹೋಲಿಕೆಗೆ ಸಿಗುವುದಿಲ್ಲ. ಮಕ್ಕಳಲ್ಲಿ ಸಂಸ್ಕಾರ ಬೆಳೆದಿದೆಯೇ ಎಂದು ಅವರನ್ನೇ ಕೇಳಿ ಬರೆದುಕೊಂಡರೂ ಫಲವಿಲ್ಲ. ಸ್ವಾಮೀಜಿಯ ಮುಂದೆ, ಪಾದ್ರಿಯ ಮುಂದೆ, ಮೌಲ್ವಿಯ ಮುಂದೆ ಮಗು ಹಿರಿಯರಿಗೆ ಇಷ್ಟವಾಗುವುದನ್ನೇ ಹೇಳುತ್ತದೆ. ಅಂಕ ಏರಿದೆ, ಏರಿಕೆಯಲ್ಲಿ ಧರ್ಮದ ಪಾಲು ಎಷ್ಟೆಂದು ಈ ಅಧ್ಯಯನದಿಂದ ತಿಳಿಯದು ಎಂಬ ವಾಕ್ಯ ವರದಿಯಲ್ಲಿದ್ದರೆ ಸಂಸ್ಥೆಯ ಗೌರವವೇನೂ ಕುಗ್ಗುವುದಿಲ್ಲ.

ನಮ್ಮ ಟ್ರಸ್ಟುಗಳಿಗೆ ಚೀಟಿಯ ಪ್ರಯೋಗ ಕೈಗೆಟುಕದಿರಬಹುದು. ದಾಖಲಾತಿ ಪುಸ್ತಕವನ್ನು ಬಿಚ್ಚಿ ಕೂರುವ ತಾಳ್ಮೆಯಿದ್ದರೆ ಒಂದು ಲೆಕ್ಕ ಮಾತ್ರ ಈ ವರ್ಷವೇ ಸಾಧ್ಯ. ಮತ್ತೆ ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಿ. ಎಂಟನೇ ತರಗತಿಗೆ 120 ಮಕ್ಕಳು ಸೇರಿದರು. ಅವರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತವರು 90, ಪಾಸಾದವರು 86. ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವುದು ಶೇ 95.6. ಸೇರಿದವರ ಲೆಕ್ಕ ಹಿಡಿದರೆ ಶೇ 71.7. ಎರಡೂ ಸರಿಯಾದ ಅಂಕಿಗಳೇ, ಎರಡನ್ನೂ ಅಕ್ಕಪಕ್ಕ ಅಚ್ಚು ಮಾಡಬೇಕು. ಆಮೇಲೆ ನಡುವಿನ ಮೂವತ್ತು ಮಕ್ಕಳ ಬೆನ್ನು ಹತ್ತಬೇಕು. ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿರುವುದರಿಂದ, ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋದವರು ಯಾರು, ಓದೇ ನಿಲ್ಲಿಸಿದವರು ಯಾರು ಎಂದು ಬೇರ್ಪಡಿಸುವುದು ಹಿಂದಿನಷ್ಟು ಕಷ್ಟವಲ್ಲ. ಒಂಬತ್ತನೇ ತರಗತಿಯ ಕೊನೆಯಲ್ಲಿ ಟಿ.ಸಿ. ಸಂಖ್ಯೆ ಒಮ್ಮೆಲೇ ಏರಿದ್ದರೆ, ಹತ್ತರ ಫಲಿತಾಂಶ ಕೆಡಿಸಬಹುದಾದ ಮಕ್ಕಳನ್ನು ಮೊದಲೇ ಸಾಗಹಾಕಲಾಯಿತೇ ಎಂದು ಆಡಳಿತ ಮಂಡಳಿ ತನ್ನನ್ನೇ ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳೇ ಹೆಚ್ಚು ಬಿಟ್ಟಿದ್ದರೆ ಮದುವೆ, ಶೌಚಾಲಯ, ಬಸ್ಸಿನ ಸಮಯ ಇವನ್ನು ಒಂದೊಂದಾಗಿ ವಿಚಾರಿಸಬೇಕು. ಈ ವಿಚಾರಣೆಗೆ ಶಾಲೆಯ ಆಡಳಿತದವರು ಹೋಗದೆ ಊರಿಗೆ ಪರಿಚಯವಿರುವ ಅಂಗನವಾಡಿ ಕಾರ್ಯಕರ್ತೆಯೋ ಹಳೆಯ ವಿದ್ಯಾರ್ಥಿನಿಯೋ ಹೋದರೆ ಮನೆಯವರು ಬಾಯಿಬಿಟ್ಟು ಮಾತಾಡುತ್ತಾರೆ. ಪತ್ತೆಯಾಗದ ಮಕ್ಕಳು ಎಷ್ಟು ಎಂಬುದನ್ನು ಅದೇ ಪುಟದಲ್ಲಿ, ಅದೇ ದಪ್ಪ ಅಕ್ಷರದಲ್ಲಿ ಬರೆಯಬೇಕು.