ಕಾರಿನ ಬಾಗಿಲ ತಗಡಿನಲ್ಲಿ ಅಂಚುಸಾಲುಗಳ ಅಂತರವೂ ಮೇಲ್ಮೈಯ ವಕ್ರತೆಯೂ

ಕಾರಿನ ಬಾಗಿಲನ್ನು ಹೊರಗಿನಿಂದ ನೋಡಿದಾಗ ಕಿಟಕಿಯ ಕೆಳಗೆ ಉದ್ದಕ್ಕೂ ಓಡುವ ಒಂದು ಏಣು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಆ ಏಣಿನ ಕೆಳಗೆ ತಗಡು ಸಮತಲವಾಗಿರುವಂತೆ ತೋರಿದರೂ ನಿಜವಾಗಿ ಅದು ಬಹು ಮೆಲ್ಲಗೆ ಉಬ್ಬಿರುತ್ತದೆ. ಹೀಗೆ ಚೂಪಾದ ಬಾಗೂ ಮೆಲ್ಲನೆಯ ಉಬ್ಬೂ ಒಂದರ ಪಕ್ಕದಲ್ಲೊಂದು ಇರುವ ಮೇಲ್ಮೈಯನ್ನು ಗಣಕಯಂತ್ರದಲ್ಲಿ ಉಪವಿಭಜನೆಯ ವಿಧಾನದಿಂದ ರಚಿಸುವಾಗ ಒಂದು ದೋಷ ಮತ್ತೆ ಮತ್ತೆ ತಲೆದೋರುತ್ತದೆ. ಅದರ ಕಾರಣವನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಈ ವಿಧಾನದಲ್ಲಿ ರಚನಕಾರನು ಮೇಲ್ಮೈಯನ್ನು ನೇರವಾಗಿ ಬರೆಯುವುದಿಲ್ಲ. ಚತುಷ್ಕೋನಗಳಿಂದಾದ ಒಂದು ಒರಟು ಹಂದರವನ್ನು ಕಟ್ಟುತ್ತಾನೆ. ಯಂತ್ರವು ಪ್ರತಿಯೊಂದು ಚತುಷ್ಕೋನವನ್ನೂ ನಾಲ್ಕಾಗಿ ಒಡೆದು, ಬಿಂದುಗಳನ್ನು ನೆರೆಯ ಬಿಂದುಗಳ ಸರಾಸರಿಯತ್ತ ಸರಿಸಿ, ಇದೇ ಕ್ರಿಯೆಯನ್ನು ಪುನರಾವರ್ತಿಸುತ್ತದೆ. ಕೊನೆಗೆ ಹಂದರವು ಒಂದು ನಯವಾದ ಸೀಮಾ ಮೇಲ್ಮೈಯನ್ನು ಸಮೀಪಿಸುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ನಿಯಮಗಳನ್ನು ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಎಂಬವರು 1978ರಲ್ಲಿ ಪ್ರಕಟಿಸಿದರು. ಹಂದರದಲ್ಲಿ ಒಂದರ ಹಿಂದೊಂದು ಸೇರಿ ಸಾಲಾಗಿ ಸಾಗುವ ಅಂಚುಗಳಿಗೆ ಎಡ್ಜ್ ಲೂಪ್ ಎಂದು ಹೆಸರು. ಅದನ್ನು ಇಲ್ಲಿ ಅಂಚುಸಾಲು ಎಂದು ಕರೆಯುತ್ತೇವೆ.

ಬಾಗಿಲಿನ ಏಣು ಉದ್ದಕ್ಕೆ ಹೆಚ್ಚುಕಡಿಮೆ ನೇರವಾಗಿರುವುದರಿಂದ ಅದನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದಂತೆ ಭಾವಿಸಿ, ಆ ಅಡ್ಡಕೊಯ್ತವನ್ನು ಮಾತ್ರ ನೋಡಿದರೆ ಸಾಕು. ಆಗ ಪ್ರತಿಯೊಂದು ಅಂಚುಸಾಲೂ ಒಂದು ಬಿಂದುವಾಗಿ ಕಾಣುತ್ತದೆ. ಹಂದರವು ಒಂದು ಮುರಿದ ರೇಖೆಯಾಗುತ್ತದೆ. ಮೇಲ್ಮೈಯು ಮೂರನೆಯ ಘಾತದ ಬಿ-ಸ್ಪ್ಲೈನ್ ಎಂಬ ವಕ್ರರೇಖೆಯಾಗುತ್ತದೆ. ಈ ವಕ್ರರೇಖೆಯು ಹಂದರದ ಬಿಂದುವಿನ ಮೂಲಕ ಹಾಯುವುದಿಲ್ಲ. ಹಿಂದಿನ ಬಿಂದುವಿನ ಒಂದು ಪಾಲು, ಆ ಬಿಂದುವಿನ ನಾಲ್ಕು ಪಾಲು, ಮುಂದಿನ ಬಿಂದುವಿನ ಒಂದು ಪಾಲು ಸೇರಿಸಿ ಆರರಿಂದ ಭಾಗಿಸಿದರೆ ದೊರೆಯುವ ಸ್ಥಾನದಲ್ಲಿ ಅದು ಹಾಯುತ್ತದೆ. ಅಲ್ಲಿನ ವಕ್ರತೆಯೂ ಈ ಮೂರು ಬಿಂದುಗಳನ್ನೇ ಅವಲಂಬಿಸಿದೆ. ನಾಲ್ಕನೆಯದಕ್ಕೆ ಅಲ್ಲಿ ಅಧಿಕಾರವಿಲ್ಲ.

ಮೊದಲು ಏಣನ್ನು ತೆಗೆದುಕೊಳ್ಳೋಣ. ಅಲ್ಲಿ ಹಂದರವು θ ಕೋನದಷ್ಟು ತಿರುಗುತ್ತದೆಯೆಂದೂ, ಏಣಿನ ಸಾಲಿನಿಂದ ಮೇಲಿನ ಮತ್ತು ಕೆಳಗಿನ ಸಾಲುಗಳು d ದೂರದಲ್ಲಿವೆಯೆಂದೂ ಇಟ್ಟುಕೊಂಡರೆ, ಏಣಿನ ನೆತ್ತಿಯಲ್ಲಿ ವಕ್ರತಾ ತ್ರಿಜ್ಯವು ಹೀಗಾಗುತ್ತದೆ:

R = d cos²(θ/2) / (2 sin(θ/2))

ತಿರುವು 30 ಡಿಗ್ರಿಯಾದರೆ R ಎಂಬುದು d ಯ 1.8ರಷ್ಟು. ಸಾಲುಗಳು 75 ಮಿ.ಮೀ. ದೂರದಲ್ಲಿದ್ದರೆ ತ್ರಿಜ್ಯ 135 ಮಿ.ಮೀ.; ಇದನ್ನು ಏಣೆಂದು ಯಾರೂ ಕರೆಯಲಾರರು. ಸಾಲುಗಳನ್ನು 5 ಮಿ.ಮೀ. ಸಮೀಪಕ್ಕೆ ತಂದರೆ ತ್ರಿಜ್ಯ 9 ಮಿ.ಮೀ.ಗೆ ಇಳಿದು ಏಣು ಸ್ಪಷ್ಟವಾಗುತ್ತದೆ. ಬಿಗಿಯಾದ ಬಾಗು ಬೇಕಾದಲ್ಲಿ ಎರಡು ಪಕ್ಕಗಳಲ್ಲೂ ಸಾಲುಗಳನ್ನು ಹತ್ತಿರ ಇಡಬೇಕೆಂದು ಅಭ್ಯಾಸಿಗಳು ಹೇಳುವ ಮಾತಿಗೆ ಇದೇ ಆಧಾರ.

ತೊಡಕು ಪ್ರಾರಂಭವಾಗುವುದು ಏಣಿನಲ್ಲಿ ಅಲ್ಲ, ಅದರ ನೆರೆಯಲ್ಲಿ. ಏಣಿನ ಕೆಳಗಿನ ತಗಡು 2000 ಮಿ.ಮೀ. ತ್ರಿಜ್ಯದ ಉಬ್ಬನ್ನು ಹೊಂದಿರಲಿ. ಏಣಿನ ಸಾಲಿಗೂ ಅದರ ಕೆಳಗಿನ ಸಾಲಿಗೂ ನಡುವೆ 75 ಮಿ.ಮೀ. ಅಂತರವಿದೆ. ಈಗ ಏಣಿನಿಂದ 5 ಮಿ.ಮೀ. ಕೆಳಗೆ ಹೊಸ ಸಾಲೊಂದನ್ನು ಸೇರಿಸುತ್ತೇವೆ. ಸಾಲು ಸೇರಿಸುವ ಆಜ್ಞೆಯು ಸಾಮಾನ್ಯವಾಗಿ ಹೊಸ ಬಿಂದುವನ್ನು ಹಂದರದ ನೇರ ಅಂಚಿನ ಮೇಲೆಯೇ ಇರಿಸುತ್ತದೆ. ಮೂರು ಬಿಂದುಗಳು ಒಂದೇ ಸರಳರೇಖೆಯಲ್ಲಿ ಬಂದವೆಂದರೆ ನಡುವಿನದರಲ್ಲಿ ವಕ್ರತೆ ಶೂನ್ಯ. ಉಬ್ಬಬೇಕಾದ ತಗಡು ಅಲ್ಲಿ ಚಪ್ಪಟೆಯಾಗಿ ಹೋಗುತ್ತದೆ.

ಹಾಗಾದರೆ ಹೊಸ ಬಿಂದುವನ್ನು ಎತ್ತಿ 2000 ಮಿ.ಮೀ. ತ್ರಿಜ್ಯದ ಕಂಸದ ಮೇಲೆ ಇಟ್ಟರಾಯಿತಲ್ಲವೆ? ಈ ಲೇಖಕನೂ ಮೊದಲು ಹಾಗೆಯೇ ಭಾವಿಸಿದ್ದನು. ಎತ್ತಬೇಕಾದ ಪ್ರಮಾಣ ಸುಮಾರು 0.09 ಮಿ.ಮೀ. ಮಾತ್ರ. ಅಷ್ಟನ್ನು ಶ್ರದ್ಧೆಯಿಂದ ಎತ್ತಿದ ಮೇಲೂ ಪ್ರತಿಬಿಂಬದ ಪಟ್ಟೆಗಳು ಸರಿಹೋಗದಿದ್ದಾಗ ದೋಷ ತನ್ನ ಅಳತೆಯಲ್ಲಿರಬೇಕೆಂದು ಒಂದು ಮಧ್ಯಾಹ್ನವನ್ನೆಲ್ಲ ಲೆಕ್ಕ ತಿದ್ದುವುದರಲ್ಲಿ ಕಳೆದದ್ದುಂಟು. ಅಳತೆ ಸರಿಯಾಗಿಯೇ ಇತ್ತು.

ನಿಜವಾದ ಕಾರಣ ಬೇರೆ. ಈ ಬಿ-ಸ್ಪ್ಲೈನ್ ತನ್ನ ಬಿಂದುಗಳ ನಡುವಣ ಅಂತರಗಳೆಲ್ಲವೂ ಸಮವೆಂದು ಎಣಿಸುತ್ತದೆ. 5 ಮಿ.ಮೀ. ಹೆಜ್ಜೆಗೂ 70 ಮಿ.ಮೀ. ಹೆಜ್ಜೆಗೂ ಅದು ಒಂದೇ ಬೆಲೆ ಕೊಡುತ್ತದೆ. ಕಂಸವೊಂದರ ಮೇಲಿರುವ ಬಿಂದುವಿನ ಎರಡು ಪಕ್ಕದ ಅಂತರಗಳು a ಮತ್ತು b ಆಗಿದ್ದು, ತಿರುವು ಅಲ್ಪವಾಗಿದ್ದರೆ, ದೊರೆಯುವ ವಕ್ರತೆಯು ಉದ್ದೇಶಿತ ವಕ್ರತೆಯ 4ab/(a+b)² ರಷ್ಟು ಮಾತ್ರ ಎಂದು ಲೆಕ್ಕದಿಂದ ತಿಳಿಯುತ್ತದೆ. ಅಂತರಗಳು ಸಮವಾಗಿದ್ದರೆ ಈ ಬೆಲೆ 1. ನಮ್ಮ ಉದಾಹರಣೆಯಲ್ಲಿ a = 5, b = 70; ಬೆಲೆ ಸುಮಾರು 0.25. ಎಂದರೆ 2000 ಮಿ.ಮೀ. ಇರಬೇಕಾದ ತ್ರಿಜ್ಯವು ಅಲ್ಲಿ 8000 ಮಿ.ಮೀ. ಆಗಿದೆ! ಬಿಂದುಗಳೆಲ್ಲ ಕರಾರುವಾಕ್ಕಾಗಿ ಕಂಸದ ಮೇಲಿದ್ದರೂ ತಗಡು ಮುಕ್ಕಾಲು ಪಾಲು ವಕ್ರತೆಯನ್ನು ಕಳೆದುಕೊಂಡಿದೆ.

ಪರಿಹಾರವು ಇದೇ ಸೂತ್ರದಲ್ಲಿ ಅಡಗಿದೆ. ಒಂದು ಅಂತರವು ಇನ್ನೊಂದರ ಎರಡರಷ್ಟಿದ್ದರೆ ಬೆಲೆ 8/9, ಎಂದರೆ 0.89, ತ್ರಿಜ್ಯವು 2250 ಮಿ.ಮೀ. ಆಗುತ್ತದೆ. ಆದುದರಿಂದ 5ರಿಂದ 70ಕ್ಕೆ ಒಮ್ಮೆಲೆ ಹಾರದೆ 5, 10, 20, 40 ಎಂದು ಅಂತರಗಳನ್ನು ಇಮ್ಮಡಿಸುತ್ತ ಹೋದರೆ ಅದೇ 75 ಮಿ.ಮೀ. ಪೂರ್ತಿಯಾಗುತ್ತದೆ. ಮುಂದಿನ 75ರ ಅಂತರವೂ 40ರ ಎರಡರಷ್ಟನ್ನು ಮೀರುವುದಿಲ್ಲ. ಉಳಿದ ಅಲ್ಪ ಕೊರತೆಯನ್ನು ಬಿಂದುಗಳನ್ನು ಕೂದಲೆಳೆಯಷ್ಟು ಸರಿಸಿ ತುಂಬಬಹುದು. ಇದಕ್ಕೆ ತೆರಬೇಕಾದ ಬೆಲೆ ಮೂರು ಹೆಚ್ಚಿನ ಸಾಲುಗಳು. ಸಾಲುಗಳು ಕಡಮೆಯಿದ್ದಷ್ಟೂ ಮೇಲ್ಮೈ ಶುದ್ಧವೆಂದು ಬೋಧಿಸುವವರುಂಟು. ಎಲ್ಲೆಡೆ ಮೆಲ್ಲನೆ ಬಾಗುವ ಮೇಲ್ಛಾವಣಿಗೆ ಆ ಮಾತು ಸಲ್ಲುತ್ತದೆ. ಏಣಿನ ಪಕ್ಕದ ತಗಡಿಗೆ ಸಲ್ಲದು.

ಇಷ್ಟು ಸೂಕ್ಷ್ಮವಾದ ದೋಷವನ್ನು ಕಾಣುವುದು ಹೇಗೆ? ಸಾಧಾರಣ ಛಾಯೆಯಲ್ಲಿ ಅದು ಕಾಣುವುದಿಲ್ಲ. ಕಪ್ಪು ಬಿಳಿ ಪಟ್ಟೆಗಳ ಪ್ರತಿಬಿಂಬವನ್ನು ಮೇಲ್ಮೈಯ ಮೇಲೆ ಮೂಡಿಸಿ ನೋಡಬೇಕು. ಉಬ್ಬು ಒಂದೇ ಸಮನಾಗಿದ್ದಲ್ಲಿ ಪಟ್ಟೆಗಳ ಅಗಲ ಸಾವಕಾಶವಾಗಿ ಬದಲಾಗುತ್ತದೆ. ಚಪ್ಪಟೆಯಾದಲ್ಲಿ ಪಟ್ಟೆ ಥಟ್ಟನೆ ಅಗಲವಾಗಿ, ದಾಟಿದೊಡನೆ ಮತ್ತೆ ಕಿರಿದಾಗುತ್ತದೆ. ಹೊಳಪಿನ ಬಣ್ಣ ಬಳಿದ ಕಾರಿನ ಮೇಲೆ ಬೀದಿದೀಪದ ಪ್ರತಿಬಿಂಬ ನುಲಿದಂತೆ ಕಾಣುವುದು ಇಂಥದೇ ದೋಷದಿಂದ. 0.09 ಮಿ.ಮೀ. ವ್ಯತ್ಯಾಸವನ್ನು ಬೆರಳು ಅರಿಯದಿದ್ದರೂ ಬೆಳಕು ಅರಿಯುತ್ತದೆ, ಏಕೆಂದರೆ ಪ್ರತಿಬಿಂಬವು ಎತ್ತರವನ್ನಲ್ಲ, ಮೇಲ್ಮೈಯ ವಾಲಿಕೆಯನ್ನು ಅನುಸರಿಸುತ್ತದೆ.

ಸಾಲುಗಳನ್ನು ಹೆಚ್ಚಿಸಿದ ಮೇಲೆ ಅವುಗಳನ್ನು ಎಲ್ಲಾದರೂ ಕೊನೆಗಾಣಿಸಬೇಕಾಗುತ್ತದೆ. ಇಲ್ಲವಾದರೆ ಅವು ಬಾಗಿಲನ್ನು ದಾಟಿ ಮುಂದಿನ ತಗಡಿಗೂ ಹಬ್ಬುತ್ತವೆ. ಎರಡು ಸಾಲುಗಳನ್ನು ಒಂದಾಗಿಸಿದಲ್ಲಿ ನಾಲ್ಕರ ಬದಲು ಮೂರು ಅಥವಾ ಐದು ಅಂಚುಗಳು ಕೂಡುವ ಬಿಂದುಗಳು ಹುಟ್ಟುತ್ತವೆ. ಕ್ಯಾಟ್ಮಲ್-ಕ್ಲಾರ್ಕ್ ಮೇಲ್ಮೈಗೆ ಇಂಥ ಬಿಂದುವಿನಲ್ಲಿ ಸ್ಪರ್ಶತಲದ ಅವಿಚ್ಛಿನ್ನತೆ ಇದೆ, ಆದರೆ ವಕ್ರತೆಯ ಅವಿಚ್ಛಿನ್ನತೆ ಇಲ್ಲ. ಮೇಲೆ ಹೇಳಿದ ಸೂತ್ರಗಳೂ ಅಲ್ಲಿ ಅನ್ವಯಿಸುವುದಿಲ್ಲ. ಉಬ್ಬಿದ ಭಾಗದ ನಡುವೆ ಅದು ಬಿದ್ದರೆ ಪಟ್ಟೆಗಳಲ್ಲಿ ಒಂದು ಚಿಕ್ಕ ಚಿವುಟು ಉಳಿದೇ ಉಳಿಯುತ್ತದೆ. ಆದುದರಿಂದ ಇಂಥ ಬಿಂದುಗಳನ್ನು ಹಿಡಿಕೆಯ ಹಿಂದಣ ಗುಳಿಯಲ್ಲೋ, ಬಾಗಿಲಿನ ಅಂಚಿನಿಂದ ಒಳಕ್ಕೆ ಮಡಿಸಿದ ಭಾಗದಲ್ಲೋ, ಹೊರಗಿನ ಬೆಳಕು ಬೀಳದಲ್ಲಿ ಇರಿಸುವುದು ರೂಢಿ.